ಮೊದಲ ಸಭೆಯ ನಡಾವಳಿ: ಯಾರು, ಏನು, ಎಲ್ಲಿಯವರೆಗೆ

ಒಂದು ಯೋಜನೆಯ ಕೆಲಸ ಶುರುವಾಗುವ ಮುನ್ನ, ಮಾಡಿಸುವವರೂ ಮಾಡುವವರೂ ಒಂದೇ ಮೇಜಿನ ಸುತ್ತ ಕೂತು ನಡೆಸುವ ಮೊದಲ ಸಭೆಯನ್ನು ಕಚೇರಿಗಳಲ್ಲಿ ಕಿಕಾಫ್ ಮೀಟಿಂಗ್ ಎನ್ನುತ್ತಾರೆ. ಆ ಸಭೆಯಲ್ಲಿ ಒಪ್ಪಿದ್ದನ್ನು ಬರೆದಿಡುವ ಎರಡು ಮೂರು ಪುಟಗಳೇ ಅದರ ನಡಾವಳಿ. ಕೆಲಸದ ವ್ಯಾಪ್ತಿ ಎಷ್ಟು, ಯಾರ ಪಾಲಿಗೆ ಏನು, ಯಾವುದನ್ನು ಸದ್ಯಕ್ಕೆ ನಿಜವೆಂದು ನಂಬಿಕೊಂಡು ಹೊರಟಿದ್ದಾರೆ, ಯಾವ ತಾರೀಖಿಗೆ ಏನು ಮುಗಿದಿರಬೇಕು ಎಂಬ ನಾಲ್ಕು ವಿಷಯಗಳು ಅದರಲ್ಲಿ ಇರಬೇಕು.

ಸಹಕಾರ ಸಂಘದ ವಾರ್ಷಿಕ ಸಭೆಯ ನಡಾವಳಿ ಪುಸ್ತಕ ನೋಡಿದವರಿಗೆ ಇದು ಸ್ವಲ್ಪ ಬೇರೆ ಜಾತಿಯದ್ದು ಅನ್ನಿಸುತ್ತದೆ. ಅಲ್ಲಿ ಸೂಚಕರು ಯಾರು, ಅನುಮೋದಕರು ಯಾರು, ಯಾವ ಠರಾವು ಪಾಸಾಯಿತು ಎಂಬುದು ಮುಖ್ಯ. ಅದು ಆಗಿಹೋದದ್ದರ ದಾಖಲೆ. ಕಿಕಾಫ್ ನಡಾವಳಿಗೆ ಆಗಬೇಕಾದದ್ದರ ಮೇಲೆ ಕಣ್ಣು. ಕಾನೂನಿನ ಬಲದಲ್ಲೂ ವ್ಯತ್ಯಾಸವಿದೆ. ಕಂಪನಿಗಳ ಆಡಳಿತ ಮಂಡಳಿಯ ಸಭೆಗಳಿಗೆ 2013ರ ಕಂಪನಿ ಕಾಯ್ದೆಯ 118ನೇ ಕಲಂ ಅನ್ವಯಿಸುತ್ತದೆ; ಸಭೆ ಮುಗಿದ 30 ದಿನಗಳೊಳಗೆ ನಡಾವಳಿ ಸಿದ್ಧವಾಗಲೇಬೇಕು. ಯೋಜನೆಯ ಮೊದಲ ಸಭೆಗೆ ಅಂಥ ಕಟ್ಟಳೆ ಇಲ್ಲ. ಅದರ ಬಲವೆಲ್ಲ ಎರಡೂ ಕಡೆಯವರು ಓದಿ ಒಪ್ಪಿದ್ದಾರೆ ಎಂಬುದರಲ್ಲಿದೆ. 30 ದಿನ ಕಾದರೆ ಅಷ್ಟರಲ್ಲಿ ಪ್ರತಿಯೊಬ್ಬರ ನೆನಪಿನಲ್ಲೂ ಬೇರೆ ಬೇರೆ ಸಭೆ ನಡೆದಿರುತ್ತದೆ. ಹಾಗಾಗಿ ಒಂದು ದಿನದೊಳಗೆ, ತೀರಾ ತಡವೆಂದರೆ ಎರಡು ದಿನದೊಳಗೆ ಅದು ಎಲ್ಲರ ಕೈ ಸೇರಬೇಕು ಎಂಬುದು ರೂಢಿ.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ಕೊನೆವರೆಗೂ ಹಿಡಿದುಕೊಂಡು ಹೋಗಬಹುದು. ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜು. ಅದರ ಗ್ರಂಥಾಲಯದಲ್ಲಿ 24,000 ಪುಸ್ತಕಗಳು. ಅವುಗಳಲ್ಲಿ 16,000 ಪುಸ್ತಕಗಳ ಪಟ್ಟಿ ಹತ್ತಾರು ವರ್ಷಗಳಿಂದ ಎಕ್ಸೆಲ್ ಕಡತದಲ್ಲಿದೆ. ಉಳಿದ 8,000 ಪುಸ್ತಕಗಳ ವಿವರ ಉದ್ದನೆಯ ಅಕ್ಸೆಷನ್ ರಿಜಿಸ್ಟರ್‌ಗಳಲ್ಲಿ ಕೈಬರಹದಲ್ಲಿದೆ. ಎಲ್ಲವನ್ನೂ ಕೋಹಾ ಎಂಬ ತಂತ್ರಾಂಶಕ್ಕೆ ಹಾಕಿ, ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸಿ, ಕೊಡುವುದು ತೆಗೆದುಕೊಳ್ಳುವುದನ್ನೆಲ್ಲ ಕಂಪ್ಯೂಟರಿನಲ್ಲೇ ನಡೆಸಬೇಕು ಎಂಬುದು ಯೋಜನೆ. ಕೋಹಾ ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ನೇ ಇಸವಿಯಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆ ಎಂದರ್ಥ. ತಂತ್ರಾಂಶ ಬಿಟ್ಟಿ, ಅದನ್ನು ಕೂರಿಸಿ ಮಾಹಿತಿ ತುಂಬುವ ಕೆಲಸ ಬಿಟ್ಟಿಯಲ್ಲ. ಅದಕ್ಕಾಗಿ ಕಾಲೇಜು ಊರಿನದೇ ಒಂದು ಸಣ್ಣ ಕಂಪನಿಗೆ ವರ್ಕ್ ಆರ್ಡರ್ ಕೊಟ್ಟಿದೆ. ಆರ್ಡರಿನಲ್ಲಿ ಇರುವುದು ಒಂದೇ ಸಾಲು: ‘ಗ್ರಂಥಾಲಯದ ಸಂಪೂರ್ಣ ಡಿಜಿಟಲೀಕರಣ’.

ವ್ಯಾಪ್ತಿಯ ಜಗಳ ಅಡಗಿರುವುದು ಆ ‘ಸಂಪೂರ್ಣ’ದಲ್ಲಿ. ಕಂಪನಿಯವರಿಗೆ ಡಿಜಿಟಲೀಕರಣವೆಂದರೆ ಪುಸ್ತಕಗಳ ಪಟ್ಟಿ ಕಂಪ್ಯೂಟರಿಗೆ ಬರುವುದು. ಪ್ರಾಂಶುಪಾಲರ ಮನಸ್ಸಿನಲ್ಲಿ ಪುಸ್ತಕಗಳೇ ಸ್ಕ್ಯಾನ್ ಆಗಿ, ಮಕ್ಕಳು ಮೊಬೈಲಿನಲ್ಲಿ ಪುಟ ತಿರುವುವ ಚಿತ್ರ. ಇಬ್ಬರೂ ಅದೇ ಪದ ಬಳಸಿ ತಲೆಯಾಡಿಸುತ್ತಾರೆ, ಕಾಫಿ ಕುಡಿದು ಏಳುತ್ತಾರೆ. ನಡಾವಳಿ ಬರೆಯುವವರು ಅಲ್ಲೇ ತಡೆದು ‘ಪುಸ್ತಕದ ಒಳಪುಟಗಳೂ ಬೇಕೇ?’ ಎಂದು ಕೇಳದಿದ್ದರೆ ಈ ಭೇದ ಬೆಳಕಿಗೆ ಬರುವುದು ಕೊನೆಯ ಬಿಲ್ಲಿನ ಹೊತ್ತಿಗೆ. ಕೇಳಿದರೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ: ಸ್ಕ್ಯಾನಿಂಗಿಗೆ ಹಣವಿಲ್ಲ. ಹಣವಿದ್ದರೂ ಭಾರತದ ಕೃತಿಸ್ವಾಮ್ಯ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುವುದರಿಂದ, ಕಪಾಟಿನ ಬಹುಪಾಲು ಪುಸ್ತಕಗಳನ್ನು ಹಾಗೆ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವಂತಿಲ್ಲ.

ಆದ್ದರಿಂದ ವ್ಯಾಪ್ತಿಯನ್ನು ಎರಡು ಭಾಗವಾಗಿ ಬರೆಯುತ್ತಾರೆ: ಯಾವುದು ಒಳಗೆ, ಯಾವುದು ಹೊರಗೆ. ಹೆಚ್ಚು ಕೆಲಸಕ್ಕೆ ಬರುವುದು ಎರಡನೆಯದು. ಒಳಗಿರುವುದನ್ನು ಎಲ್ಲರೂ ಹೇಗೂ ನೆನಪಿಟ್ಟಿರುತ್ತಾರೆ. ಹೊರಗಿರುವುದನ್ನು ಬರೆಯಲು ಮಾತ್ರ ಸಂಕೋಚ. ಮೊದಲ ದಿನವೇ ‘ಇದು ಮಾಡುವುದಿಲ್ಲ’ ಎಂದು ಹೇಳುವುದು ಒರಟು ಅನ್ನಿಸುತ್ತದೆ. ಈ ಗ್ರಂಥಾಲಯದ ನಡಾವಳಿಯಲ್ಲಿ ಆ ಭಾಗ ಹೀಗಿರಬಹುದು: ‘ಪುಸ್ತಕಗಳ ಒಳಪುಟ ಸ್ಕ್ಯಾನ್ ಮಾಡುವುದು, ಬೈಂಡ್ ಮಾಡಿಟ್ಟ ಹಳೆಯ ಪತ್ರಿಕೆಗಳು, ಪ್ರಶ್ನೆಪತ್ರಿಕೆಗಳ ಸಂಗ್ರಹ, ಕಾಲೇಜಿನ ಹೊರಗಿನಿಂದ ಪಟ್ಟಿ ನೋಡುವ ಸೌಲಭ್ಯ ಇವು ಈ ಯೋಜನೆಯಲ್ಲಿ ಇಲ್ಲ. ಬೇಕಾದರೆ ಬೇರೆ ದರಪಟ್ಟಿ, ಬೇರೆ ಆದೇಶ.’ ಕೊನೆಯ ವಾಕ್ಯ ಇರಲೇಬೇಕು. ಬಾಗಿಲು ಮುಚ್ಚಿಲ್ಲ, ಆದರೆ ತೆರೆಯಲು ಬೇರೆ ಕೀಲಿ ಬೇಕು ಎಂಬುದು ಅದರಿಂದ ತಿಳಿಯುತ್ತದೆ. ನಡಾವಳಿ ಸಾಮಾನ್ಯವಾಗಿ ವರ್ಕ್ ಆರ್ಡರನ್ನು ತಿದ್ದಲಾರದು. ಆರ್ಡರಿನ ಮಬ್ಬು ಪದಕ್ಕೆ ಎರಡೂ ಕಡೆಯವರು ಕೊಟ್ಟ ಅರ್ಥ ಏನೆಂದು ತೋರಿಸಬಲ್ಲದು ಅಷ್ಟೆ. ಹಣ ಅಥವಾ ಅವಧಿ ಬದಲಾಗುವುದಾದರೆ ಆರ್ಡರಿಗೇ ತಿದ್ದುಪಡಿ ತರಬೇಕು.

ಎರಡನೆಯ ವಿಷಯ ಹೊಣೆ. ಇಲ್ಲಿ ಕನ್ನಡದ ಕಚೇರಿ ಭಾಷೆಯೇ ಒಂದು ತೊಡಕು ತಂದಿಡುತ್ತದೆ. ‘ಕ್ರಮ ಕೈಗೊಳ್ಳಲಾಗುವುದು’, ‘ಮಾಹಿತಿ ಒದಗಿಸತಕ್ಕದ್ದು’, ‘ಶೀಘ್ರವಾಗಿ ಪೂರ್ಣಗೊಳಿಸಲು ತೀರ್ಮಾನಿಸಲಾಯಿತು’ ಎಂಬ ವಾಕ್ಯಗಳು ಕೇಳಲು ಗಂಭೀರ, ಆದರೆ ಅವುಗಳಲ್ಲಿ ಕರ್ತೃವೇ ಇಲ್ಲ. ಕನ್ನಡದಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಮಾತಿನಲ್ಲಿ ಅದು ಸೊಗಸು. ನಡಾವಳಿಯಲ್ಲಿ ಅದೇ ಕೆಲಸಗಳ್ಳನಿಗೆ ನೆರಳು. ‘ಪುಸ್ತಕಗಳ ಪಟ್ಟಿಯನ್ನು ಆದಷ್ಟು ಬೇಗ ಒದಗಿಸಲಾಗುವುದು’ ಎಂಬ ಸಾಲನ್ನು ‘ಗ್ರಂಥಪಾಲಕಿ ಎಕ್ಸೆಲ್ ಕಡತವನ್ನು ಜುಲೈ 3ರ ಸಂಜೆಯೊಳಗೆ ಕಂಪನಿಯ ಯೋಜನಾ ವ್ಯವಸ್ಥಾಪಕರಿಗೆ ಕೊಡುತ್ತಾರೆ’ ಎಂದು ತಿದ್ದಿದರೆ ಯಾರು, ಏನನ್ನು, ಯಾರಿಗೆ, ಯಾವಾಗ ಎಂಬ ನಾಲ್ಕೂ ಸಿಗುತ್ತವೆ. ನಡಾವಳಿ ಬರೆದು ಮುಗಿಸಿದ ಮೇಲೆ ‘ಲಾಗುವುದು’, ‘ಲಾಯಿತು’ ಎಂದು ಮುಗಿಯುವ ಪ್ರತಿ ವಾಕ್ಯಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು, ‘ಯಾರು?’ ಎಂದು ಪಕ್ಕದಲ್ಲಿ ಬರೆದರೆ ಸಾಕು, ಅರ್ಧ ಪರಿಷ್ಕರಣೆ ಆದಂತೆ.

ಹೊಣೆಯನ್ನು ಸಮಿತಿಗೆ ವಹಿಸುವುದು ಇನ್ನೊಂದು ಸಾಮಾನ್ಯ ತಪ್ಪು. ‘ಗ್ರಂಥಾಲಯ ಸಮಿತಿ ಪರಿಶೀಲಿಸುವುದು’ ಎಂದು ಬರೆದರೆ ಐವರಲ್ಲಿ ಪ್ರತಿಯೊಬ್ಬರೂ ಉಳಿದ ನಾಲ್ವರು ನೋಡಿದ್ದಾರೆಂದು ತಿಳಿಯುತ್ತಾರೆ. ಸಮಿತಿಯಿಂದ ಸಲಹೆ ಪಡೆಯಲಿ, ಆದರೆ ಉತ್ತರ ಹೇಳಬೇಕಾದವರು ಒಬ್ಬರೇ ಇರಲಿ. ಈ ಯೋಜನೆಯಲ್ಲಿ ಹಣ ಮತ್ತು ಅವಧಿಯ ಮಾತಿಗೆ ಪ್ರಾಂಶುಪಾಲರು. ಎರಡು ಪುಸ್ತಕಗಳಿಗೆ ಒಂದೇ ಅಕ್ಸೆಷನ್ ನಂಬರ್ ಬಿದ್ದಿದ್ದರೆ ಯಾವುದನ್ನು ಬದಲಿಸಬೇಕು ಎಂಬಂಥ ಮಾಹಿತಿಯ ಮಾತಿಗೆ ಗ್ರಂಥಪಾಲಕಿ. ತಂತ್ರಾಂಶ ಮತ್ತು ಎಂಟ್ರಿ ಕೆಲಸಕ್ಕೆ ಕಂಪನಿಯ ವ್ಯವಸ್ಥಾಪಕರು. ಸರ್ವರಿಗೆ ವಿದ್ಯುತ್ತು, ನೆಟ್‌ವರ್ಕ್ ಕೊಡಲು ಕಂಪ್ಯೂಟರ್ ಲ್ಯಾಬಿನ ಮೇಲ್ವಿಚಾರಕರು. ಹೆಸರಿನ ಜೊತೆ ಹುದ್ದೆಯನ್ನೂ ಬರೆಯಬೇಕು. ಸರ್ಕಾರಿ ಕಾಲೇಜಾದರೆ ವರ್ಗಾವಣೆಯ ಸಮಯ ಬಂದೇ ಬರುತ್ತದೆ. ಬರೀ ಹೆಸರಿದ್ದರೆ ಹೊಣೆಯೂ ಅವರ ಜೊತೆ ಬಸ್ ಹತ್ತಿ ಹೋಗುತ್ತದೆ.

ಮೂರನೆಯದು ಊಹೆಗಳು. ನಾಲ್ಕರಲ್ಲಿ ಹೆಚ್ಚು ಅಸಡ್ಡೆಗೆ ಗುರಿಯಾಗುವುದೂ, ಯೋಜನೆಯನ್ನು ಹೆಚ್ಚು ಸಲ ಮುಳುಗಿಸುವುದೂ ಇದೇ. ಊಹೆ ಎಂದರೆ ಇನ್ನೂ ಯಾರೂ ಪರೀಕ್ಷಿಸಿ ನೋಡಿರದ, ಆದರೆ ನಿಜವೆಂದು ಇಟ್ಟುಕೊಂಡೇ ದಿನದ ಲೆಕ್ಕ, ಹಣದ ಲೆಕ್ಕ ಹಾಕಿರುವ ಸಂಗತಿ. ಅಪಾಯಕ್ಕೂ ಊಹೆಗೂ ವ್ಯತ್ಯಾಸವಿದೆ. ಅಪಾಯ ಆಗಬಹುದು, ಆಗದಿರಬಹುದು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಊಹೆ ಊಹೆಯೆಂದೇ ಯಾರಿಗೂ ಕಾಣಿಸುವುದಿಲ್ಲ.

ಈ ಗ್ರಂಥಾಲಯದ ಸಭೆಯಲ್ಲಿ ಕಂಪನಿಯವರು ‘16,000 ಪುಸ್ತಕಗಳ ಪಟ್ಟಿ ಎಕ್ಸೆಲ್‌ನಲ್ಲಿ ಇದೆಯಲ್ಲ, ಅದನ್ನು ನೇರವಾಗಿ ಕೋಹಾಕ್ಕೆ ಏರಿಸುತ್ತೇವೆ’ ಎಂದು ಹೇಳಿದ್ದಾರೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಮೂರು ವಾರ ಸಾಕು ಎಂಬ ಲೆಕ್ಕವೂ ಸಿದ್ಧ. ಕಡತ ತೆರೆದರೆ ಪರದೆಯ ಮೇಲೆ ಚೊಕ್ಕ ಕನ್ನಡ ಕಾಣುತ್ತದೆ. ಅನುಮಾನಕ್ಕೆ ಎಡೆಯೇ ಇಲ್ಲ. ಆದರೆ ಕರ್ನಾಟಕದ ಕಚೇರಿಗಳಲ್ಲಿ ಬಹುಕಾಲ ಕನ್ನಡ ಟೈಪಾದದ್ದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ. ಯುನಿಕೋಡ್ ಬರುವ ಮುಂಚಿನ ಆ ವ್ಯವಸ್ಥೆಯಲ್ಲಿ ಕಡತದೊಳಗೆ ಉಳಿಯುವುದು ರೋಮನ್ ಲಿಪಿಯ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ಮುಖವಾಡ ತೊಡಿಸುತ್ತದೆ. ಪರೀಕ್ಷೆ ಸುಲಭ: ಒಂದು ಕೋಶ ಆರಿಸಿ ಫಾಂಟನ್ನು `Arial`ಗೆ ಬದಲಿಸಬೇಕು. ಯುನಿಕೋಡ್ ಆಗಿದ್ದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ನುಡಿಯದ್ದಾದರೆ ‘ಕನ್ನಡ’ ಎಂಬ ಪದ `PÀ£ÀßqÀ` ಆಗುತ್ತದೆ, ‘ಕರ್ನಾಟಕ’ `PÀ£ÁðlPÀ` ಆಗುತ್ತದೆ. ಇದನ್ನು ಹಾಗೆಯೇ ಕೋಹಾಕ್ಕೆ ಏರಿಸಿದರೆ ವಿದ್ಯಾರ್ಥಿ ‘ಕನ್ನಡ’ ಎಂದು ಹುಡುಕಿದಾಗ ಒಂದು ಪುಸ್ತಕವೂ ಸಿಗದು.

ಪರಿವರ್ತಿಸುವ ಸಾಧನಗಳಿವೆ, ಆದರೆ ಗುಂಡಿ ಒತ್ತಿದೊಡನೆ ಮುಗಿಯುವ ಕೆಲಸ ಅದಲ್ಲ. ಮೇಲಿನ `PÀ£ÁðlPÀ`ದಲ್ಲಿ `ð` ಎಂಬುದು ಅರ್ಕಾವತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ‘ನಾ’ ಆದ ಮೇಲೆ ಕೂರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು ಬರಬೇಕು. ಸಾಧನ ಇಲ್ಲಿ ಎಡವಿದರೆ ಅರ್ಕಾವತ್ತಿರುವ ಪದಗಳೆಲ್ಲ ಕೆಡುತ್ತವೆ. ಇನ್ನೂ ದೊಡ್ಡ ತೊಂದರೆ ಇಂಗ್ಲಿಷ್ ಪುಸ್ತಕಗಳದು. ಒಂದೇ ಕಾಲಮ್ಮಿನಲ್ಲಿ ಕನ್ನಡ ಹೆಸರು, ಇಂಗ್ಲಿಷ್ ಹೆಸರು ಕಲಸಿದ್ದರೆ ಸಾಧನಕ್ಕೆ ಎರಡೂ ರೋಮನ್ ಅಕ್ಷರಗಳೇ. ಅದು ಇಂಗ್ಲಿಷನ್ನೂ ‘ಪರಿವರ್ತಿಸಿ’ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿ ಮಾಡುತ್ತದೆ. ಆದ್ದರಿಂದ ಮೊದಲು ಎರಡನ್ನೂ ಬೇರ್ಪಡಿಸಬೇಕು. ಅದಕ್ಕಿರುವ ಸುಳಿವು ಪ್ರತಿ ಕೋಶಕ್ಕೂ ಎಕ್ಸೆಲ್ ನೆನಪಿಟ್ಟಿರುವ ಫಾಂಟಿನ ಹೆಸರು. ಯಾರಾದರೂ ಕಡತವನ್ನು `CSV` ರೂಪದಲ್ಲಿ ಉಳಿಸಿ ಮೂಲವನ್ನು ಅಳಿಸಿದರೆ ಆ ಸುಳಿವೂ ಹೋಯಿತು, ಏಕೆಂದರೆ `CSV`ಯಲ್ಲಿ ಫಾಂಟಿನ ಮಾಹಿತಿ ಉಳಿಯುವುದಿಲ್ಲ.

ಹಾಗಾಗಿ ನಡಾವಳಿಯಲ್ಲಿ ಊಹೆಯನ್ನು ಬರೀ ‘ಪಟ್ಟಿ ಎಕ್ಸೆಲ್‌ನಲ್ಲಿ ಲಭ್ಯವಿದೆ’ ಎಂದು ಬರೆದರೆ ಸಾಲದು. ಅದಕ್ಕೆ ಮೂರು ಬಾಲಗಳು ಬೇಕು: ಯಾರು ಪರೀಕ್ಷಿಸುತ್ತಾರೆ, ಯಾವಾಗ, ಸುಳ್ಳಾದರೆ ಏನಾಗುತ್ತದೆ. ‘16,000 ಸಾಲುಗಳು ಯುನಿಕೋಡಿನಲ್ಲಿವೆ ಎಂದು ಭಾವಿಸಲಾಗಿದೆ. ಕಂಪನಿಯ ವ್ಯವಸ್ಥಾಪಕರು ಜುಲೈ 5ರೊಳಗೆ ಪರೀಕ್ಷಿಸಿ ತಿಳಿಸುತ್ತಾರೆ. ಇಲ್ಲವಾದಲ್ಲಿ ಭಾಷೆ ಬೇರ್ಪಡಿಸಿ ಪರಿವರ್ತಿಸಲು 15 ಕೆಲಸದ ದಿನ ಹೆಚ್ಚು ಬೇಕಾಗುತ್ತದೆ. ಪರಿವರ್ತಿತ ಸಾಲುಗಳನ್ನು ಗ್ರಂಥಪಾಲಕಿ ತಾಳೆ ನೋಡುತ್ತಾರೆ. ಮೂಲ ಎಕ್ಸೆಲ್ ಕಡತವನ್ನು ಯಾರೂ ಅಳಿಸುವಂತಿಲ್ಲ.’ ಈ ಐದು ವಾಕ್ಯಗಳು ಇದ್ದರೆ ಜುಲೈ 5ರಂದು ಕೆಟ್ಟ ಸುದ್ದಿ ಬಂದರೂ ಅದು ಬರೀ ಸುದ್ದಿ. ಮುಂದೇನು ಎಂಬುದು ಆಗಲೇ ಒಪ್ಪಿತ. ಅವು ಇಲ್ಲದಿದ್ದರೆ ಅದೇ ಸುದ್ದಿ ಸೆಪ್ಟೆಂಬರಿನಲ್ಲಿ ಬರುತ್ತದೆ, ಆರೋಪದ ರೂಪದಲ್ಲಿ.

ಇನ್ನೊಂದು ಊಹೆ ಲೆಕ್ಕದ ಒಳಗೇ ಅಡಗಿದೆ. 24,000 ಪುಸ್ತಕಗಳಿಗೆ ಬಾರ್‌ಕೋಡ್ ಚೀಟಿ ಅಂಟಿಸುವವರು ಕಾಲೇಜಿನ ಇಬ್ಬರು ಸಹಾಯಕರು. ಪುಸ್ತಕ ತೆಗೆದು, ನಂಬರ್ ತಾಳೆ ನೋಡಿ, ಅಂಟಿಸಿ, ಮತ್ತೆ ಅದೇ ಜಾಗಕ್ಕೆ ಇಡುವುದೆಂದರೆ ಒಬ್ಬರು ದಿನಕ್ಕೆ 150 ಮಾಡಿಯಾರು ಎಂದು ಹಿಡಿದಿದ್ದಾರೆ. ಇಬ್ಬರಿಂದ 300, ಒಟ್ಟು 80 ಕೆಲಸದ ದಿನ. ಈ 80ರ ಹಿಂದೆ ಇಬ್ಬರೂ ಇಡೀ ದಿನ ಇದೇ ಕೆಲಸಕ್ಕೆ ಸಿಗುತ್ತಾರೆಂಬ ಮಾತಿದೆ. ಅವರಲ್ಲಿ ಒಬ್ಬರನ್ನು 20 ದಿನ ಪರೀಕ್ಷಾ ಕೆಲಸಕ್ಕೆ ಎಳೆದುಕೊಂಡರೆ 3,000 ಪುಸ್ತಕ ಹಿಂದೆ ಬೀಳುತ್ತವೆ. ಆಮೇಲೆ ಇಬ್ಬರೂ ಕೂಡಿ ಮಾಡಿದರೂ 10 ದಿನ ಹೆಚ್ಚು. ಕಾಲೇಜಿನಲ್ಲಿ ಪರೀಕ್ಷೆ ಬಾರದೇ ಇರುವುದಿಲ್ಲ. ಆದ್ದರಿಂದ ಇದೂ ಹೆಸರು, ದಿನ, ಪರಿಣಾಮಗಳ ಸಮೇತ ಊಹೆಯ ಪಟ್ಟಿಗೆ ಸೇರಬೇಕು.

ಪಟ್ಟಿ ತುಂಬ ಉದ್ದವಾಗಬಾರದು. ಭೂಕಂಪ ಆಗುವುದಿಲ್ಲ ಎಂಬುದೂ ಊಹೆಯೇ. ಅದನ್ನು ಬರೆದು ಪ್ರಯೋಜನವಿಲ್ಲ. ಸುಳ್ಳಾದರೆ ತಾರೀಖೋ ಹಣವೋ ಬದಲಾಗುತ್ತದೆಯೇ, ಸುಳ್ಳಾಗುವ ಸಂಭವ ನಿಜವಾಗಿ ಇದೆಯೇ ಎಂದು ಕೇಳಿ, ಎರಡಕ್ಕೂ ಹೌದೆಂಬ ಉತ್ತರ ಬಂದದ್ದನ್ನು ಮಾತ್ರ ಉಳಿಸಿದರೆ ಈ ಗಾತ್ರದ ಯೋಜನೆಗೆ ಐದಾರು ಸಾಲು ಸಿಕ್ಕಾವು.

ನಾಲ್ಕನೆಯದು ಮೈಲಿಗಲ್ಲು. ಹೆಸರೇ ಹೇಳುವಂತೆ ಅದು ರಸ್ತೆಯ ಬದಿಯ ಕಲ್ಲು. ದಾಟಿದೆವೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತು. ‘ಡೇಟಾ ಎಂಟ್ರಿ ಕಾರ್ಯ: ಜುಲೈ, ಆಗಸ್ಟ್’ ಎಂಬುದು ಮೈಲಿಗಲ್ಲಲ್ಲ, ಪ್ರಯಾಣ. ಹೀಗೆ ಬರೆದ ಕಡೆಯಲ್ಲೆಲ್ಲ ‘ಶೇಕಡಾ 90 ಮುಗಿದಿದೆ’ ಎಂಬ ಉತ್ತರ ವಾರಗಟ್ಟಲೆ ಬರುತ್ತಿರುತ್ತದೆ. ಮೈಲಿಗಲ್ಲಿಗೆ ತಾರೀಖು ಬೇಕು, ಮುಗಿದಿದೆ ಎಂದು ತಿಳಿಯುವ ಬಗೆ ಬೇಕು, ಮುಗಿದಿದೆ ಎಂದು ಸಹಿ ಹಾಕುವವರು ಬೇಕು.

ಉದಾಹರಣೆಯ ಯೋಜನೆಗೆ ಐದು ಕಲ್ಲು ಸಾಕು. ಜುಲೈ 10ಕ್ಕೆ ಮಾದರಿಯಾಗಿ 100 ಸಾಲುಗಳು ಕೋಹಾದಲ್ಲಿ ಕಾಣಬೇಕು. ಗ್ರಂಥಪಾಲಕಿ ಅವನ್ನು ಪುಸ್ತಕಗಳೊಂದಿಗೆ ತಾಳೆ ನೋಡಿದಾಗ ಎರಡಕ್ಕಿಂತ ಹೆಚ್ಚು ಸಾಲು ತಪ್ಪಿರಬಾರದು. ಜುಲೈ 31ಕ್ಕೆ 16,000 ಸಾಲೂ ಏರಿರಬೇಕು. ರಿಜಿಸ್ಟರಿನ 8,000 ಪುಸ್ತಕಗಳಿಗೆ ಇಬ್ಬರು ಆಪರೇಟರುಗಳು ತಲಾ ದಿನಕ್ಕೆ 100ರಂತೆ 40 ದಿನ ತೆಗೆದುಕೊಂಡರೆ, ನಡುವಿನ ರಜೆಗಳನ್ನು ಬಿಟ್ಟು ಆಗಸ್ಟ್ 31. ಚೀಟಿ ಅಂಟಿಸುವುದು ಆಗಸ್ಟ್ ಒಂದಕ್ಕೆ ಶುರುವಾದರೆ 80 ಕೆಲಸದ ದಿನ ಸುಮಾರು ನವೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ದಸರಾ, ದೀಪಾವಳಿಗಳನ್ನು ಲೆಕ್ಕಕ್ಕೆ ಹಿಡಿದು ನವೆಂಬರ್ 30. ಹಬ್ಬಗಳನ್ನು ಮರೆತು ಬರೆದ ತಾರೀಖು ಬರೆದ ದಿನವೇ ಸುಳ್ಳಾಗಿರುತ್ತದೆ. ಕೊನೆಯ ಕಲ್ಲು ಡಿಸೆಂಬರ್ 15: ಎರಡು ವಾರ ಹಳೆಯ ರಿಜಿಸ್ಟರ್ ಮತ್ತು ಕೋಹಾ ಎರಡರಲ್ಲೂ ಪುಸ್ತಕ ಕೊಟ್ಟು ಪಡೆದು, ಲೆಕ್ಕ ಹೊಂದಿದ ಮೇಲೆ ಹಳೆಯ ರಿಜಿಸ್ಟರನ್ನು ಮುಚ್ಚಿ ಸಹಿ ಹಾಕುವುದು. ಕಂಪನಿಯ ಬಿಲ್ಲಿನ ಕಂತುಗಳನ್ನು ಈ ಕಲ್ಲುಗಳಿಗೇ ಕಟ್ಟಿದರೆ ಎರಡೂ ಕಡೆಯವರ ಕಣ್ಣು ಅವುಗಳ ಮೇಲೆಯೇ ಇರುತ್ತದೆ.

ಮೊದಲ ಕಲ್ಲನ್ನು ಬೇಕೆಂದೇ ಸಣ್ಣದಾಗಿ, ಹತ್ತಿರದಲ್ಲಿ ಇಡಬೇಕು. 100 ಸಾಲು ಏರಿಸುವುದು ದೊಡ್ಡ ಸಾಧನೆಯಲ್ಲ. ಆದರೆ ಫಾಂಟಿನ ಊಹೆ ಸುಳ್ಳಾಗಿದ್ದರೆ ಗುಟ್ಟು ಒಡೆಯುವುದು ಆ 100 ಸಾಲಿನಲ್ಲೇ, 16,000 ಏರಿಸಿ ಮುಗಿದ ಮೇಲಲ್ಲ. ಮೈಲಿಗಲ್ಲುಗಳ ಕ್ರಮವನ್ನು ಊಹೆಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ನಿರ್ಧರಿಸಬೇಕು ಎನ್ನುವುದು ಇದಕ್ಕಾಗಿ. ಅನುಮಾನ ಹೆಚ್ಚಿರುವ ಊಹೆಯನ್ನು ಪರೀಕ್ಷೆಗೆ ಒಡ್ಡುವ ಕೆಲಸ ಮೊದಲು ಬರಬೇಕು.

ಇನ್ನು ಬರೆಯುವ ಬಗೆ. ಚರ್ಚೆಯಲ್ಲಿ ಯಾರು ಏನೆಂದರು ಎಂಬುದರ ವರದಿ ಬೇಕಿಲ್ಲ. ಅದು ಪುಟ ಹೆಚ್ಚಿಸುತ್ತದೆ, ಕೆಲವೊಮ್ಮೆ ಮನಸ್ತಾಪವನ್ನೂ. ತೀರ್ಮಾನ, ಅದಕ್ಕೆ ಕಾರಣ ಅಗತ್ಯವಿದ್ದರೆ ಒಂದು ವಾಕ್ಯ, ಮುಂದಿನ ಕೆಲಸ, ಅಷ್ಟೇ. ತೀರ್ಮಾನವಾಗದೆ ಉಳಿದದ್ದನ್ನು ಮಾತ್ರ ಮುಚ್ಚಿಡಬಾರದು. ‘ಕಳೆದುಹೋದ ಪುಸ್ತಕಗಳ ಸಾಲನ್ನು ಏರಿಸಬೇಕೇ ಬೇಡವೇ ಎಂಬುದು ತೀರ್ಮಾನವಾಗಿಲ್ಲ, ಪ್ರಾಂಶುಪಾಲರು ಜುಲೈ 8ರೊಳಗೆ ತಿಳಿಸುತ್ತಾರೆ’ ಎಂಬುದು ಒಳ್ಳೆಯ ನಡಾವಳಿಯ ಲಕ್ಷಣ. ಹಾಜರಿದ್ದವರ ಜೊತೆ ಬರಬೇಕಿದ್ದು ಬಾರದವರ ಹೆಸರೂ ಇರಬೇಕು. ಲ್ಯಾಬಿನ ಮೇಲ್ವಿಚಾರಕರು ಸಭೆಗೆ ಬಾರದೇ ಅವರ ಹೆಸರಿಗೆ ಕೆಲಸ ಬಿದ್ದಿದ್ದರೆ ಅದು ಇನ್ನೂ ಒಪ್ಪಿದ ಕೆಲಸವಲ್ಲ. ಅವರಿಂದ ಪ್ರತ್ಯೇಕವಾಗಿ ಹ್ಞೂಂ ಅನ್ನಿಸಿಕೊಳ್ಳಬೇಕು.

ಸಾಧಾರಣವಾಗಿ ಬರೆಯುವ ಕೆಲಸ ಕಂಪನಿಯ ವ್ಯವಸ್ಥಾಪಕರಿಗೆ ಬೀಳುತ್ತದೆ. ಪೆನ್ನು ಹಿಡಿದವರ ಕಡೆಗೆ ಪದಗಳು ತುಸು ವಾಲುವುದು ಸಹಜ. ಅದಕ್ಕೆ ಮದ್ದು ಓದಿ ತಿದ್ದಲು ಇನ್ನೊಂದು ಕಡೆಯವರಿಗೆ ಕೊಡುವ ಗಡುವು. ‘ಆಕ್ಷೇಪಣೆ ಇದ್ದರೆ ಮೂರು ಕೆಲಸದ ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು’ ಎಂಬ ಸಾಲು ನಡಾವಳಿಯ ಕೊನೆಯಲ್ಲಿ ಇರುತ್ತದೆ. ಬಂದ ತಿದ್ದುಪಡಿಗಳನ್ನು ಹಳೆಯ ಕಾಗದದ ಮೇಲೆಯೇ ಸದ್ದಿಲ್ಲದೆ ಮಾಡಬಾರದು. ಎರಡನೆಯ ಆವೃತ್ತಿ ಎಂದು ನಂಬರ್ ಹಾಕಿ, ಏನು ಬದಲಾಯಿತೆಂದು ಮೇಲ್ಗಡೆ ಬರೆದು ಮತ್ತೆ ಎಲ್ಲರಿಗೂ ಕಳಿಸಬೇಕು. ‘ತಿಳಿಸದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು’ ಎಂದು ಹಲವರು ಸೇರಿಸುತ್ತಾರೆ. ಸಣ್ಣ ವಿಷಯಗಳಿಗೆ ಅದು ನಡೆಯುತ್ತದೆ. ‘ಹೊರಗೆ’ ಎಂದು ಬರೆದ ಪಟ್ಟಿ ಮತ್ತು ಹಣಕ್ಕೆ ತಳುಕು ಹಾಕಿಕೊಂಡ ಊಹೆಗಳಿಗೆ ಮಾತ್ರ ಮೌನವನ್ನು ನೆಚ್ಚಿಕೊಳ್ಳದೆ, ಆ ಪುಟದ ಮೇಲೆ ಪ್ರಾಂಶುಪಾಲರ ಸಹಿಯನ್ನೇ ಹಾಕಿಸಿಕೊಳ್ಳಬೇಕು.